ಗೇರ್ ಬೀಳುತ್ತಿಲ್ಲವೇ? ಗೇರ್ ಬಾಕ್ಸ್ ಇಳಿಸುವ ಮೊದಲು ಕ್ಲಚ್, ಆಯಿಲ್, ಸಿಂಕ್ರೊ ಮೂರನ್ನೂ ಬೇರ್ಪಡಿಸಿ ನೋಡುವ ಕ್ರಮ

ಮಳೆಗಾಲ ಶುರುವಾದರೆ ಸಾಕು, ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ವಾರಕ್ಕೆ ಎರಡಾದರೂ ಇಂಥ ಕಾರು ಬರುತ್ತದೆ. ಗೇರ್ ಟೈಟ್, ಒತ್ತಿ ಹಿಡಿದರೂ ಬೀಳುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ಆಗಲೇ ಒಂದು ಸಲ ದುಡ್ಡು ಕಳೆದುಕೊಂಡಿರುತ್ತಾರೆ. ಎಲ್ಲೋ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಹೊಸದು ಹಾಕಿಸಿದ್ದಾರೆ. ತೊಂದರೆ ಮಾತ್ರ ಹಾಗೇ ಇದೆ.

ಕ್ಲಚ್ ಸರಿಯಾಗಿ ಬಿಡದಿದ್ದರೂ ಗೇರ್ ಟೈಟಾಗುತ್ತದೆ. ಗೇರ್ ಬಾಕ್ಸಿಗೆ ತಪ್ಪು ಆಯಿಲ್ ಹಾಕಿದ್ದರೂ ಆಗುತ್ತದೆ. ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಒಳಗಿನ ಸಿಂಕ್ರೊ ರಿಂಗ್ ಸವೆದಿದ್ದರೂ ಆಗುತ್ತದೆ. ಲಿವರ್ ಹಿಡಿದ ಕೈಗೆ ಮೂರೂ ಒಂದೇ ಥರ ಅನ್ನಿಸುತ್ತವೆ. ಆದರೆ ತೊಂದರೆ ಕಾಣಿಸುವ ಹೊತ್ತು ಬೇರೆ ಬೇರೆ. ಬೆಳಿಗ್ಗೆ ಟೈಟ್ ಇದ್ದು ಓಡಿದ ಮೇಲೆ ಸಡಿಲವಾದರೆ ಆಯಿಲ್ ಕಡೆ ನೋಡಬೇಕು. ಬೆಳಿಗ್ಗೆ ಚೆನ್ನಾಗಿದ್ದು ಬಿಸಿಯಾದ ಮೇಲೆ ಕೆಟ್ಟರೆ ಕ್ಲಚ್ ಹೈಡ್ರಾಲಿಕ್ ಕಡೆ. ಬಿಸಿಗೂ ತಣ್ಣಗೂ ವ್ಯತ್ಯಾಸವಿಲ್ಲದೆ ಒಂದೇ ಗೇರ್ ಮಾತ್ರ ಕಿರಿಕಿರಿ ಮಾಡಿದರೆ ಸಿಂಕ್ರೊ ಕಡೆ. ಕೆಳಗಿನ ಹಂತಗಳೆಲ್ಲ ಇದನ್ನು ಖಚಿತ ಮಾಡಿಕೊಳ್ಳಲಿಕ್ಕೇ ಇವೆ.

ಕ್ರಮ ತಪ್ಪಿಸಬೇಡಿ. ಮೊದಲು ಕ್ಲಚ್, ಆಮೇಲೆ ಆಯಿಲ್, ಕೊನೆಗೆ ಸಿಂಕ್ರೊ. ಕ್ಲಚ್ ದೋಷವೂ ಆಯಿಲ್ ದೋಷವೂ ಸಿಂಕ್ರೊ ಸವೆದ ಹಾಗೆ ನಟಿಸಬಲ್ಲವು. ಅವೆರಡನ್ನು ಪಕ್ಕಕ್ಕಿಡದೆ ಸಿಂಕ್ರೊ ಬಗ್ಗೆ ಏನೂ ಹೇಳಲು ಆಗುವುದಿಲ್ಲ. ಸಿಂಕ್ರೊ ನೋಡಲು ಗೇರ್ ಬಾಕ್ಸ್ ಇಳಿಸಿ ಬಿಚ್ಚಲೇಬೇಕು ಎನ್ನುವುದು ಇನ್ನೊಂದು ಕಾರಣ.

ಈ ಬರಹ ಹೈಡ್ರಾಲಿಕ್ ಕ್ಲಚ್, ಅಂದರೆ ಪೆಡಲ್ ಒತ್ತಡವನ್ನು ಪೈಪಿನಲ್ಲಿರುವ ಬ್ರೇಕ್ ಆಯಿಲ್ ಸಾಗಿಸುವ ಕ್ಲಚ್ ಇರುವ ಕಾರುಗಳಿಗೆ. ಪೆಡಲ್‌ನಿಂದ ಕೇಬಲ್ ಹೋಗುವ ಕ್ಲಚ್ ನಿಮ್ಮದಾದರೆ 3ನೇ ಹಂತದ ಪಂಪ್ ಪರೀಕ್ಷೆಯೂ 4ನೇ ಹಂತವೂ ನಿಮಗೆ ಹೊಂದುವುದಿಲ್ಲ. 4ನೇ ಹಂತದ ಕೊನೆಯಲ್ಲಿರುವ ಶೆಡ್ಡಿನಲ್ಲಿ ನಿಂತ ಕಾರಿನ ಮಾತು ಮತ್ತು ಉಳಿದದ್ದು ಹೊಂದುತ್ತದೆ.

## ಏನೇನು ಬೇಕು

ಒಂದು ಟಾರ್ಚ್, ಸ್ಟೀಲ್ ಸ್ಕೇಲ್, ಒಣ ಬಿಳಿ ಬಟ್ಟೆ, ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸುವ ಗಡಿಯಾರ, ಚಕ್ರಕ್ಕೆ ಇಡಲು ಎರಡು ಕಲ್ಲು ಅಥವಾ ಮರದ ತುಂಡು. ಪೆಡಲ್ ಒತ್ತಲು ಇನ್ನೊಬ್ಬರು. ಪರೀಕ್ಷೆಗೆ ಇಷ್ಟೇ ಸಾಕು.

ಕ್ಲಚ್ ಹೈಡ್ರಾಲಿಕ್‌ನಲ್ಲಿ ಸೇರಿದ ಏರ್ ತೆಗೆಯುವುದಾದರೆ ಗಾಳಿ ಹೊರಬಿಡುವ ನಿಪ್ಪಲ್‌ಗೆ ಕೂರುವ ಸ್ಪ್ಯಾನರ್, ಒಂದು ಮೊಳ ಪಾರದರ್ಶಕ ಪೈಪು, ಹಳೇ ಬಾಟಲಿ, ಸೀಲ್ ಒಡೆಯದ ಬ್ರೇಕ್ ಆಯಿಲ್ ಬೇಕು. ಡಾಟ್ 3 ಬೇಕೋ ಡಾಟ್ 4 ಬೇಕೋ ಎಂಬುದು ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಕಳೆದ ವರ್ಷ ತೆರೆದಿಟ್ಟ ಬಾಟಲಿ ಬೇಡ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಉಪ್ಪಿನ ಡಬ್ಬಿಯೇ ನೀರೊಡೆಯುವ ನಮ್ಮ ಮಳೆಗಾಲದಲ್ಲಿ ತೆರೆದ ಬಾಟಲಿ ಎಷ್ಟು ತೇವ ಕುಡಿದಿರುತ್ತದೆ ನೀವೇ ಯೋಚಿಸಿ. ಅದು ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಬಿಟ್ಟರೆ ಪೇಂಟ್ ಎದ್ದು ಬರುತ್ತದೆ.

## ಹಂತ 1: ಮೂರು ದಿನ ಬರೆದಿಡಿ

ಸುಮ್ನೆ "ಗೇರ್ ಟೈಟ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮೂರು ದಿನ ಕಾರು ಓಡಿಸುವಾಗ ಇಷ್ಟನ್ನು ಗಮನಿಸಿ ಒಂದು ಚೀಟಿಯಲ್ಲಿ ಬರೆಯಿರಿ. ಯಾವ ಗೇರ್? ನಿಂತಾಗಲೋ ಓಡುವಾಗಲೋ? ಹೊರಟ ಎಷ್ಟು ನಿಮಿಷಕ್ಕೆ? ಬರೀ ಟೈಟೋ, ಕರ್ರ್ ಅನ್ನುವ ಸದ್ದೂ ಇದೆಯೋ?

ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ. ಇದು ಯಾವಾಗಿನಿಂದ ಶುರು? ಸರ್ವಿಸ್ ಮಾಡಿಸಿದ ವಾರದಲ್ಲೇ ಶುರುವಾಗಿದ್ದರೆ ಆಯಿಲ್ ಮೇಲೆ ಅನುಮಾನ ಬರುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಬಂದಿದ್ದರೆ ಸಿಂಕ್ರೊ ಅಥವಾ ಕ್ಲಚ್. ಕಾರು ಮೂರು ನಾಲ್ಕು ವಾರ ಶೆಡ್ಡಿನಲ್ಲಿ ನಿಂತಿದ್ದು, ತೆಗೆದ ದಿನವೇ ಒಂದು ಗೇರೂ ಬೀಳದಿದ್ದರೆ ಅದು ಬೇರೆಯೇ ಕತೆ. ಅದನ್ನು 4ನೇ ಹಂತದ ಕೊನೆಯಲ್ಲಿ ಹೇಳುತ್ತೇನೆ.

## ಹಂತ 2: ಎಂಜಿನ್ ಆಫ್ ಮಾಡಿ ಗೇರ್ ಹಾಕಿ

ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಇಡಿ. ಎಂಜಿನ್ ಆಫ್. ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್, ಎಲ್ಲಾ ಗೇರನ್ನೂ ಹಾಕಿ ನೋಡಿ.

ಯಾವುದಾದರೂ ಒಂದು ಗೇರ್ ಅಡ್ಡ ನಿಂತರೆ ಕೂಡಲೇ ತೀರ್ಮಾನಕ್ಕೆ ಬರಬೇಡಿ. ನಿಂತ ಕಾರಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ನಿಲ್ಲುವುದು ಮಾಮೂಲು. ಕ್ಲಚ್ ಬಿಟ್ಟು ಮತ್ತೆ ಒತ್ತಿ ಹಾಕಿ. ಅದಕ್ಕೂ ಬಗ್ಗದಿದ್ದರೆ ನ್ಯೂಟ್ರಲ್‌ನಲ್ಲಿಟ್ಟು ಕಲ್ಲು ತೆಗೆದು, ಹ್ಯಾಂಡ್ ಬ್ರೇಕ್ ಬಿಟ್ಟು ಕಾರನ್ನು ಒಂದು ಗೇಣು ತಳ್ಳಿ, ಹ್ಯಾಂಡ್ ಬ್ರೇಕ್ ಎಳೆದು ಕಲ್ಲಿಟ್ಟು ಮತ್ತೆ ನೋಡಿ.

ಎಂಜಿನ್ ಆಫ್ ಇದ್ದಾಗಲೂ ಎಲ್ಲಾ ಗೇರೂ ಟೈಟ್ ಅಂದರೆ ಈ ಮೂರರಲ್ಲಿ ಯಾವುದೂ ಕಾರಣವಲ್ಲದಿರಬಹುದು. ಲಿವರ್‌ನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ಲೋ ಬುಷ್ಷೋ ಹಿಡಿದಿರುತ್ತದೆ. ಕೇಬಲ್ ತುದಿಯ ರಬ್ಬರ್ ಹರಿದು ಕೆಸರು ನೀರು ಒಳಗೆ ಹೋಗಿ ತುಕ್ಕು ಹಿಡಿಯುವುದು ನಮ್ಮ ಕಡೆ ಜಾಸ್ತಿ. ಗೇರ್ ಬಾಕ್ಸ್ ತುದಿಯಲ್ಲಿ ಕೇಬಲ್ ಬಿಚ್ಚಿ, ಅಲ್ಲಿರುವ ತೋಳನ್ನು ಕೈಯಿಂದ ಆಡಿಸಿ. ಅದು ಸಲೀಸಾಗಿ ಆಡಿದರೆ ದೋಷ ಕೇಬಲ್ಲಿನದು. ಕ್ಲಚ್ ಮುಟ್ಟುವುದೇ ಬೇಡ.

ಎಂಜಿನ್ ಆಫ್ ಇದ್ದಾಗ ಎಲ್ಲಾ ಸಲೀಸು, ಸ್ಟಾರ್ಟ್ ಮಾಡಿದರೆ ಟೈಟ್. ನಿಮ್ಮ ಕಾರು ಹೀಗಿದ್ದರೆ ಮುಂದಿನ ಹಂತಕ್ಕೆ ಬನ್ನಿ.

## ಹಂತ 3: ಕ್ಲಚ್ ಪೂರ್ತಿ ಬಿಡುತ್ತಿದೆಯೇ?

ಇಲ್ಲಿ ಆತುರ ಬೇಡ, ಇಡೀ ಪರೀಕ್ಷೆಯ ಬೇರು ಇಲ್ಲೇ ಇದೆ.

ಕ್ಲಚ್ ಒತ್ತಿದಾಗ ಎಂಜಿನ್ ತಿರುಗುತ್ತಲೇ ಇರಬೇಕು, ಗೇರ್ ಬಾಕ್ಸಿನ ಒಳಗೆ ಹೋಗುವ ಶಾಫ್ಟ್ ನಿಲ್ಲಬೇಕು. ಕ್ಲಚ್ ಅರೆಬರೆ ಬಿಟ್ಟರೆ ಎಂಜಿನ್ ಆ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಲೇ ಇರುತ್ತದೆ. ತಿರುಗುವ ಗೇರನ್ನು ನಿಂತ ಗೇರಿಗೆ ಕೂಡಿಸಲು ಹೋದರೆ ಟೈಟಾಗುತ್ತದೆ, ಕರ್ರ್ ಅನ್ನುತ್ತದೆ.

ರಿವರ್ಸ್ ಪರೀಕ್ಷೆ. ಕಾರು ನಿಂತಿರಲಿ, ಹ್ಯಾಂಡ್ ಬ್ರೇಕ್ ಇರಲಿ, ಬಲಗಾಲು ಬ್ರೇಕ್ ಮೇಲಿರಲಿ. ಎಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಿ. ಕ್ಲಚ್ ಪೂರ್ತಿ ಒತ್ತಿ. ನಿಧಾನವಾಗಿ ಐದು ಎಣಿಸಿ. ಈಗ ರಿವರ್ಸ್ ಹಾಕಿ. ಬಹಳಷ್ಟು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ. ಹಾಗಾಗಿ ಶಾಫ್ಟ್ ನಿಂತಿದೆಯೋ ಇಲ್ಲವೋ ಎಂದು ಅದು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಸದ್ದಿಲ್ಲದೆ ಬಿದ್ದರೆ ಆ ಹೊತ್ತಿಗೆ ಕ್ಲಚ್ ಸರಿ ಇದೆ. ಐದು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಎಲ್ಲರೂ ಮಾಡುವ ತಪ್ಪು ಐದು ಎಣಿಸದಿರುವುದು. ಒಳ್ಳೆಯ ಕಾರಿನಲ್ಲೂ ಕ್ಲಚ್ ಒತ್ತಿದ ಕ್ಷಣಕ್ಕೇ ಶಾಫ್ಟ್ ನಿಲ್ಲುವುದಿಲ್ಲ. ಒತ್ತಿದ ಕೂಡಲೇ ರಿವರ್ಸ್ ಹಾಕಿ, ಸದ್ದು ಕೇಳಿ, ಕ್ಲಚ್ ಹೋಯಿತು ಅಂದುಕೊಂಡವರು ತುಂಬಾ ಜನ.

ಇನ್ನೊಂದು ವಿಷಯ ಗೊತ್ತಿರಲಿ. ದಪ್ಪ ಗೇರ್ ಆಯಿಲ್ ಇದ್ದರೆ ಶಾಫ್ಟ್ ಬೇಗ ನಿಲ್ಲುತ್ತದೆ, ತಡವಾಗಿ ಅಲ್ಲ. ಅಂದರೆ ನಿಂತ ಕಾರಿನಲ್ಲಿ ರಿವರ್ಸ್ ಕರ್ರ್ ಅನ್ನಲು ದಪ್ಪ ಆಯಿಲ್ ಕಾರಣವಾಗುವುದಿಲ್ಲ. ಈ ಒಂದೇ ಪರೀಕ್ಷೆ ಕ್ಲಚ್ಚನ್ನೂ ಆಯಿಲನ್ನೂ ಬೇರ್ಪಡಿಸಿ ಕೊಡುತ್ತದೆ.

ಹಿಡಿದಿಡುವ ಪರೀಕ್ಷೆ. ಕೆಲವು ಕಾರುಗಳಲ್ಲಿ ರಿವರ್ಸ್‌ಗೂ ಸಿಂಕ್ರೊ ಇರುತ್ತದೆ. ಅಂಥವಕ್ಕೆ ಇದು ಬೇಕು. ಮುಂದೆ ಯಾರೂ ಇಲ್ಲದ ಸಮತಟ್ಟಾದ ಜಾಗ ನೋಡಿ, ಕಲ್ಲು ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ. ಕ್ಲಚ್ ಒತ್ತಿ ಮೊದಲ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಬಿಡಿ, ಬಲಗಾಲನ್ನು ಬ್ರೇಕ್ ಪೆಡಲ್ ಮೇಲೆ ಒತ್ತದೆ ಸಿದ್ಧವಾಗಿ ಇಟ್ಟುಕೊಳ್ಳಿ. ಕ್ಲಚ್ ಬಿಡದೆ 30 ಸೆಕೆಂಡ್ ಕಾಯಿರಿ. ಕಾರು ತಾನಾಗಿ ಮುಂದಕ್ಕೆ ತೆವಳಲು ಶುರು ಮಾಡಿದರೆ ಪೆಡಲ್ ಕೆಳಗಿದ್ದರೂ ಕ್ಲಚ್ ಮೆಲ್ಲಗೆ ಹಿಡಿಯುತ್ತಿದೆ ಎಂದರ್ಥ.

ಪಂಪ್ ಪರೀಕ್ಷೆ. ಗೇರ್ ಬೀಳದಿರುವಾಗ ಪೆಡಲನ್ನು ಮೂರು ನಾಲ್ಕು ಸಲ ಪಟಪಟ ಒತ್ತಿ, ಕೊನೆಯ ಸಲ ಹಿಡಿದು, ಕೂಡಲೇ ಗೇರ್ ಹಾಕಿ. ಈಗ ಬಿದ್ದರೆ ದೋಷ ಹೈಡ್ರಾಲಿಕ್‌ನಲ್ಲಿದೆ. ಒಳಗೆ ಗಾಳಿ ಸೇರಿದೆ, ಇಲ್ಲ ಸೀಲ್ ಬಿಟ್ಟಿದೆ. ಪಂಪ್ ಮಾಡಿದರೂ ಏನೂ ಬದಲಾಗದಿದ್ದರೆ, ರಿವರ್ಸ್ ಇನ್ನೂ ಕರ್ರ್ ಅನ್ನುತ್ತಿದ್ದರೆ, ಪ್ಲೇಟ್, ಕ್ಲಚ್ ಬಿಡಿಸುವ ತೋಳಾದ ಫೋರ್ಕ್, ಬೇರಿಂಗ್ ಕಡೆ ಅನುಮಾನ ಪಡಬಹುದು.

ಈ ಮೂರನ್ನೂ ಎರಡು ಸಲ ಮಾಡಿ. ಒಮ್ಮೆ ಬೆಳಿಗ್ಗೆ ತಣ್ಣಗಿದ್ದಾಗ, ಇನ್ನೊಮ್ಮೆ ಅರ್ಧ ಗಂಟೆ ಪೇಟೆಯಲ್ಲೋ ಏರುದಾರಿಯಲ್ಲೋ ಓಡಿಸಿ ಬಂದ ಮೇಲೆ. ಒಂದೇ ಸಲ ನೋಡಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ತಿರುವುಗಳಲ್ಲಿ ಹಾಫ್ ಕ್ಲಚ್‌ನಲ್ಲಿ ಹತ್ತಿದಾಗ, ಬ್ರೇಕ್ ಆಯಿಲ್ ಒತ್ತಡದಿಂದ ಫೋರ್ಕ್ ಆಡಿಸುವ ಸ್ಲೇವ್ ಸಿಲಿಂಡರ್ ಸುತ್ತಮುತ್ತ ಚೆನ್ನಾಗಿ ಬಿಸಿಯಾಗುತ್ತದೆ. ಬ್ರೇಕ್ ಆಯಿಲ್ ತೇವ ಕುಡಿದಿದ್ದರೆ ಆ ಬಿಸಿಗೆ ಒಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಮತ್ತೆ ಸರಿ. ಕಾರು ಗ್ಯಾರೇಜಿಗೆ ಬರುವಷ್ಟರಲ್ಲಿ ದೋಷ ಮಾಯವಾಗಿರುತ್ತದೆ.

ಒಂದು ಮಾತು. ಈ ಪರೀಕ್ಷೆಗಳನ್ನು ಘಾಟಿಯಲ್ಲಿ ಮಾಡಬೇಡಿ. ಆಗುಂಬೆ ತಿರುವಿನಲ್ಲಿ ಗೇರ್ ಬೀಳದೆ ನಿಂತರೆ ಹಿಂದಿನ ಬಸ್ಸಿನವರಿಗೂ ಅಪಾಯ.

## ಹಂತ 4: ಹೈಡ್ರಾಲಿಕ್‌ನಲ್ಲಿ ಎಲ್ಲಿ?

ರಿವರ್ಸ್ ಪರೀಕ್ಷೆ ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಪಾಸಾದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಪೆಡಲ್ ಒತ್ತಿದರೆ ಮೇಲಿನ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ. ಕೆಳಗೆ ಗೇರ್ ಬಾಕ್ಸ್ ಹತ್ತಿರ ಇರುವ ಸ್ಲೇವ್ ಸಿಲಿಂಡರ್ ಆ ಒತ್ತಡಕ್ಕೆ ತನ್ನ ರಾಡನ್ನು ಹೊರಗೆ ತಳ್ಳಿ ಫೋರ್ಕನ್ನು ಆಡಿಸುತ್ತದೆ.

ಮೊದಲು ಕಣ್ಣಿಗೆ ಕೆಲಸ ಕೊಡಿ. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ತುಂಬಾ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಮಟ್ಟ ಇಳಿದಿದ್ದು ಎಲ್ಲಿ ಸೋರುತ್ತಿದೆ ಎಂದು ಗೊತ್ತಿಲ್ಲದಿದ್ದರೆ ಕಾರು ಓಡಿಸಬೇಡಿ. ಬರೀ ಮೇಲಿಂದ ತುಂಬಿಸಿ ಹೋಗುವುದು ತಪ್ಪು. ಆ ಸೋರಿಕೆ ಬ್ರೇಕಿನದೂ ಇರಬಹುದು.

ಆಮೇಲೆ ಪೆಡಲ್ ಕೆಳಗಿನ ಮ್ಯಾಟ್ ಎತ್ತಿ, ಪೆಡಲ್ ಮೇಲ್ಭಾಗದಲ್ಲಿ ಮಾಸ್ಟರ್ ಸಿಲಿಂಡರ್ ರಾಡ್ ಒಳಗೆ ಹೋಗುವ ಜಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಜಿಡ್ಡಿನ ತೇವ ಬಂದರೆ ಮಾಸ್ಟರ್ ಸೋರುತ್ತಿದೆ. ಮಳೆಗಾಲದಲ್ಲಿ ಚಪ್ಪಲಿಯ ನೀರಿನಿಂದ ಮ್ಯಾಟ್ ಹೇಗೂ ಒದ್ದೆ ಇರುತ್ತದೆ, ಅಲ್ವಾ? ಅದಕ್ಕೇ ಮ್ಯಾಟ್ ನೋಡಿ ಹೇಳಬಾರದು, ಮೇಲೆ ಒರೆಸಿ ಹೇಳಬೇಕು. ಕೆಳಗೆ ಸ್ಲೇವ್‌ನ ರಬ್ಬರ್ ಟೊಪ್ಪಿಯ ಅಂಚನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಿ. ಒಳಗಿಂದ ಆಯಿಲ್ ಇಳಿದರೆ ಸ್ಲೇವ್ ಸೀಲ್ ಹೋಗಿದೆ.

ಹೊರಗೆ ಒಂದು ಹನಿಯೂ ಇಲ್ಲದೆ ಮಾಸ್ಟರ್ ಕೆಟ್ಟಿರಬಹುದು. ಒಳಗಿನ ಸೀಲ್ ದಾಟಿ ಆಯಿಲ್ ವಾಪಸ್ ಡಬ್ಬಿಗೇ ಹೋಗುತ್ತದೆ, ಮಟ್ಟ ಇಳಿಯುವುದೇ ಇಲ್ಲ. ಇದನ್ನು ಹಿಡಿಯಲು ಸ್ಕೇಲ್ ಬೇಕು.

ಎಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಬಹಳ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಸ್ಲೇವ್ ಮೇಲಿಂದಲೇ ಕಾಣುತ್ತದೆ, ಏರ್ ಫಿಲ್ಟರ್ ಡಬ್ಬಿ ತೆಗೆಯಬೇಕಾಗಬಹುದು. ಕೆಳಗಿಂದ ನೋಡಬೇಕಾದರೆ ಸ್ಟ್ಯಾಂಡ್ ಇಡದೆ ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಜೊತೆಯವರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ. ರಾಡ್ ಎಷ್ಟು ಹೊರಗೆ ಬಂತು ಎಂದು ಅಳೆಯಿರಿ. ಅವರು ಕಾಲು ಸಡಿಲ ಬಿಡದೆ 30 ಸೆಕೆಂಡ್ ಹಿಡಿದಿರಲಿ. ಮತ್ತೆ ಅಳೆಯಿರಿ.

ಪೆಡಲ್ ಕೆಳಗೇ ಇದ್ದು, ಎಲ್ಲೂ ಸೋರದೆ, ರಾಡ್ ಮೆಲ್ಲಗೆ ಒಳಗೆ ಹೋದರೆ ಮಾಸ್ಟರ್ ಸಿಲಿಂಡರ್ ಒಳಸೀಲ್ ಹೋಗಿದೆ. ರಾಡ್ ಮೊದಲಿಂದಲೂ ಕಡಿಮೆ ಬಂದು, ಪಂಪ್ ಮಾಡಿದರೆ ಜಾಸ್ತಿ ಬಂದರೆ ಒಳಗೆ ಗಾಳಿ ಇದೆ. ರಾಡ್ ಕಂಪನಿ ಪುಸ್ತಕ ಹೇಳಿದಷ್ಟು ಬಂದು ಅಲ್ಲೇ ನಿಂತು, ಆದರೂ ರಿವರ್ಸ್ ಕರ್ರ್ ಅಂದರೆ ಹೈಡ್ರಾಲಿಕ್ ಸರಿ ಇದೆ, ದೋಷ ಪ್ಲೇಟು ಫೋರ್ಕಿನ ಕಡೆ. ಕ್ಲಚ್ ಸೆಟ್‌ಗೆ ದುಡ್ಡು ಹಾಕಬೇಕಾದದ್ದು ಇಂಥ ಫಲಿತಾಂಶ ಬಂದಾಗ ಮಾತ್ರ.

ಕೆಲವು ಕಾರುಗಳಲ್ಲಿ ಸ್ಲೇವ್ ಗೇರ್ ಬಾಕ್ಸಿನ ಗಂಟೆಯಂಥ ಭಾಗದ ಒಳಗೇ ಇರುತ್ತದೆ, ಅಳೆಯಲು ಆಗುವುದಿಲ್ಲ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದ ಅಡಿಯಲ್ಲಿ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಅದು ಹೋಗಿದೆ ಎಂದೇ ತಿಳಿಯಿರಿ. ಅದಕ್ಕೆ ಗೇರ್ ಬಾಕ್ಸ್ ಇಳಿಸಲೇಬೇಕು.

ಏರ್ ತೆಗೆಯುವುದು. ಡಬ್ಬಿ ತುಂಬಿಸಿ. ನಿಪ್ಪಲ್‌ಗೆ ಪೈಪ್ ಹಾಕಿ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಬ್ರೇಕ್ ಆಯಿಲ್‌ನೊಳಗೆ ಮುಳುಗಿರಲಿ. ಜೊತೆಯವರು ಪೆಡಲ್ ನಿಧಾನವಾಗಿ ಒತ್ತಿ ಹಿಡಿಯಲಿ. ನಿಪ್ಪಲ್ ಕಾಲು ಸುತ್ತು ಬಿಡಿ, ಆಯಿಲ್ ಗುಳ್ಳೆ ಬರುತ್ತದೆ, ನಿಪ್ಪಲ್ ಟೈಟ್ ಮಾಡಿ. ಆಮೇಲೆಯೇ ಪೆಡಲ್ ಬಿಡಬೇಕು. ಈ ಅನುಕ್ರಮ ತಪ್ಪಿ ಪೆಡಲ್ ಮೊದಲು ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಗುಳ್ಳೆ ನಿಲ್ಲುವವರೆಗೆ ಮಾಡಿ, ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಒಂದೇ ಡಬ್ಬಿಯಿದ್ದರೆ ಬ್ರೇಕಿಗೂ ಗಾಳಿ ಹೋದೀತು.

ಬಂದ ಹಳೇ ಆಯಿಲ್ ಕಪ್ಪಾಗಿದ್ದು, ಬೆರಳಲ್ಲಿ ಉಜ್ಜಿದರೆ ಕರೀ ಪುಡಿ ಸಿಕ್ಕರೆ ಅದು ಸೀಲ್ ರಬ್ಬರ್ ಸವೆದದ್ದು. ಏರ್ ತೆಗೆದ ಮೇಲೆ ಎರಡು ಮೂರು ದಿನ ಚೆನ್ನಾಗಿದ್ದು ಮತ್ತೆ ಕೆಟ್ಟರೆ ಪದೇ ಪದೇ ಏರ್ ತೆಗೆಯುತ್ತಾ ಕೂರಬೇಡಿ. ಗಾಳಿ ಒಳಗೆ ಹೋಗುವ ದಾರಿ ಹಾಗೇ ಇದೆ, ಸಿಲಿಂಡರ್ ಬದಲಿಸಿ. ಡಬ್ಬಿಗೆ ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಯಾವತ್ತೂ ಹಾಕಬೇಡಿ. ರಬ್ಬರ್ ಸೀಲ್ ಎಲ್ಲಾ ಊದಿಕೊಂಡು ಕ್ಲಚ್ ಬ್ರೇಕ್ ಎರಡೂ ಹೋಗುತ್ತವೆ.

ಶೆಡ್ಡಿನಲ್ಲಿ ನಿಂತ ಕಾರು. ಆಷಾಢದ ಮಳೆಯಲ್ಲಿ ವಾರಗಟ್ಟಲೆ ನಿಂತ ಕಾರಿನ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ನಿಲ್ಲಿಸಿದಾಗ ಸರಿ ಇತ್ತು, ತೆಗೆದಾಗ ಎಂಜಿನ್ ಚಾಲೂ ಇರುವಾಗ ಒಂದು ಗೇರೂ ಬೀಳುವುದಿಲ್ಲ, ಪೆಡಲ್ ಮಾತ್ರ ಮೊದಲಿನ ಹಾಗೇ ಗಟ್ಟಿ. ಎಂಜಿನ್ 15 ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ. ವಿಶಾಲ ಬಯಲಿನಲ್ಲಿ ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಮಾಡಿದ ಕೂಡಲೇ ಕಾರು ಮುಂದೆ ಹೋಗುತ್ತದೆ, ಜಾಗ ಇರಬೇಕು. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಬಿಟ್ಟು ಮಾಡಿದರೆ ಸಾಮಾನ್ಯವಾಗಿ ಟಕ್ ಅಂತ ಬಿಡಿಸಿಕೊಳ್ಳುತ್ತದೆ. ಎರಡು ಮೂರು ಸಲಕ್ಕೂ ಬಿಡದಿದ್ದರೆ ನಿಲ್ಲಿಸಿ, ಇಳಿಸಿಯೇ ನೋಡಬೇಕು.

## ಹಂತ 5: ಗೇರ್ ಆಯಿಲ್

ಕ್ಲಚ್ ಸರಿ ಎಂದು ಖಚಿತವಾದ ಮೇಲೆ ಆಯಿಲ್‌ಗೆ ಬನ್ನಿ. ತಪ್ಪು ಆಯಿಲ್‌ನ ಗುರುತು ಹೀಗಿರುತ್ತದೆ. ಬೆಳಿಗ್ಗೆ ಹೊರಟ ಹೊಸದರಲ್ಲಿ ಎರಡನೇ ಗೇರ್ ಕಟ್ಟಿಗೆಯ ಹಾಗೆ ಗಟ್ಟಿ. ಮೂರನೆಯದೂ ಸ್ವಲ್ಪ ಹಾಗೇ. ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರು ದಾಟುವಷ್ಟರಲ್ಲಿ ತಾನಾಗಿ ಸಡಿಲ. ಗೇರ್ ಬಾಕ್ಸ್ ಎಂಜಿನ್ನಿನಷ್ಟು ಬೇಗ ಬಿಸಿಯಾಗುವುದಿಲ್ಲ, ಹದಿನೈದು ಇಪ್ಪತ್ತು ನಿಮಿಷ ಬೇಕು. ಹೊಸ ಕಾರಿನಲ್ಲೂ ಡಿಸೆಂಬರ್ ಬೆಳಗಿನ ಮೊದಲ ಎರಡು ಮೂರು ಶಿಫ್ಟ್ ಸ್ವಲ್ಪ ಬಿಗಿ ಇರುತ್ತದೆ, ಅದು ದೋಷವಲ್ಲ.

ಸಿಂಕ್ರೊ ರಿಂಗ್ ಎಂದರೆ ಗೇರಿನ ಕೋನಿನ ಮೇಲೆ ಒತ್ತಿ ಕೂರುವ ಒಂದು ಚಿಕ್ಕ ಬ್ರೇಕ್, ಹೆಚ್ಚಾಗಿ ಹಿತ್ತಾಳೆಯದು. ಅದು ಕೋನನ್ನು ಹಿಡಿದು ವೇಗ ಸಮ ಮಾಡಿದ ಮೇಲೆಯೇ ಗೇರ್ ಬೀಳುತ್ತದೆ. ನಡುವೆ ಇರುವ ಆಯಿಲ್ ಪದರ ದಪ್ಪವಾಗಿದ್ದರೆ ರಿಂಗ್ ಅದನ್ನು ಒತ್ತಿ ಸರಿಸಲು ತಡವಾಗುತ್ತದೆ. ಲಿವರ್ ಅಷ್ಟು ಹೊತ್ತು ತಡೆದು ನಿಲ್ಲುತ್ತದೆ.

ನಮ್ಮ ಕಡೆ ಆಗುವ ತಪ್ಪು ಒಂದೇ ಥರದ್ದು. ಜೀಪು, ಟ್ರ್ಯಾಕ್ಟರ್, ಲಾರಿಗೆ ಇಟ್ಟ ಡ್ರಮ್ಮಿನಿಂದ 85ಡಬ್ಲ್ಯು-140 ಥರದ ದಪ್ಪ ಆಯಿಲ್ ಕಾರಿಗೂ ಹಾಕಿಬಿಡುತ್ತಾರೆ. ತುಂಬಾ ಕಾರುಗಳಿಗೆ ಬೇಕಾದದ್ದು 75ಡಬ್ಲ್ಯು-80 ಅಥವಾ 75ಡಬ್ಲ್ಯು-90ರಂಥ ತೆಳು ಆಯಿಲ್.

ದಪ್ಪದ ಜೊತೆಗೆ ಇನ್ನೊಂದು ಗುರುತೂ ನೋಡಬೇಕು. ಜಿಎಲ್-4, ಜಿಎಲ್-5 ಎಂದು ಡಬ್ಬಿ ಮೇಲೆ ಇರುತ್ತದೆ. ಐದು ದೊಡ್ಡದು, ಹಾಗಾಗಿ ಒಳ್ಳೆಯದು ಅಂದುಕೊಳ್ಳುವವರು ಬಹಳ. ಹಾಗಲ್ಲ. ಜಿಎಲ್-5 ಹಿಂದಿನ ಆಕ್ಸಲ್ಲಿನ ಗೇರಿಗೆಂದು ಮಾಡಿದ್ದು. ಅದರಲ್ಲಿ ಭಾರೀ ಒತ್ತಡ ತಡೆಯುವ ರಾಸಾಯನಿಕ ಜಾಸ್ತಿ. ಸಿಂಕ್ರೊ ರಿಂಗ್‌ಗೆ ಕೋನ್ ಮೇಲೆ ಹಿಡಿತ ಬೇಕು. ಅಲ್ಲಿ ಜಾರಿಕೆ ಜಾಸ್ತಿಯಾದರೆ ರಿಂಗ್ ಹಿಡಿಯುವುದೇ ಇಲ್ಲ, ಕೆಲವು ಜಿಎಲ್-5 ಆಯಿಲ್ ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನಲೂ ಬಹುದು. ಆದರೆ ಕೆಲವು ಕಂಪನಿಗಳು ತಮ್ಮ ಗೇರ್ ಬಾಕ್ಸಿಗೆ ಜಿಎಲ್-5 ಅನ್ನೇ ಹೇಳುವುದೂ ಉಂಟು. ಕಾರಿನ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆ. ನನ್ನ ಮಾತೂ ಅದಕ್ಕಿಂತ ಮೇಲಲ್ಲ.

ಬದಲಿಸುವ ಕ್ರಮ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಆಯಿಲ್ ಬೆಚ್ಚಗೆ ಮಾಡಿ. ಸಮತಟ್ಟಾಗಿ ನಿಲ್ಲಿಸಿ. ಮೊದಲು ತುಂಬುವ ಬೋಲ್ಟ್ ಬಿಚ್ಚಿ. ಅದು ಬಿಚ್ಚಿದ ಮೇಲೆಯೇ ಕೆಳಗಿನ ಡ್ರೈನ್ ಬೋಲ್ಟ್ ಮುಟ್ಟಬೇಕು. ತುಂಬುವ ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ, ಆಯಿಲ್ ಆಗಲೇ ಖಾಲಿಯಾಗಿದ್ದರೆ, ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಇಳಿದ ಆಯಿಲನ್ನು ಬಿಳೀ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದು ನೋಡಿ. ಡ್ರೈನ್ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆ ಇಲ್ಲ. ಉಗುರಿಗೆ ತಾಗುವ ಕಬ್ಬಿಣದ ಚೂರು ಇದ್ದರೆ ಹಲ್ಲು ಮುರಿದಿರಬಹುದು, ಓಡಿಸಬೇಡಿ. ಆಯಿಲ್‌ನಲ್ಲಿ ಅಯಸ್ಕಾಂತಕ್ಕೆ ಹಿಡಿಯದ, ಹಳದಿಯಾಗಿ ಮಿನುಗುವ ಪುಡಿ ತೇಲಿದರೆ ಅದು ಹಿತ್ತಾಳೆ. ಸಿಂಕ್ರೊ ರಿಂಗ್ ಸವೆಯುತ್ತಿದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣವಾಗಿದ್ದರೆ ನೀರು ಸೇರಿದೆ. ಬಿಸಿ ಗೇರ್ ಬಾಕ್ಸ್ ಹಳ್ಳದ ನೀರಿನಲ್ಲಿ ಥಟ್ಟನೆ ತಣ್ಣಗಾದಾಗ ಉಸಿರುಗಂಡಿಯಿಂದ ನೀರು ಎಳೆದುಕೊಳ್ಳುತ್ತದೆ. ಹಾಗಿದ್ದರೆ ಆಯಿಲ್ ಬದಲಿಸಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಬೇಕು.

ಹೊಸ ವಾಷರ್ ಹಾಕಿ ಡ್ರೈನ್ ಬೋಲ್ಟ್ ಟೈಟ್ ಮಾಡಿ, ಪುಸ್ತಕ ಹೇಳಿದ ಆಯಿಲ್ ಹೇಳಿದಷ್ಟೇ ತುಂಬಿ. ಸಣ್ಣ ಕಾರುಗಳಿಗೆ ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ. 200-300 ಕಿಲೋಮೀಟರ್ ಓಡಿಸುವವರೆಗೆ ಸರಿಯಾಯಿತು, ಆಗಲಿಲ್ಲ ಎಂದು ತೀರ್ಮಾನಿಸಬೇಡಿ. ಹಳೇ ಆಯಿಲ್ ಒಳಗೆ ಸ್ವಲ್ಪ ಉಳಿದೇ ಇರುತ್ತದೆ.

## ಹಂತ 6: ಸಿಂಕ್ರೊ

ಕ್ಲಚ್ ಸರಿ, ಆಯಿಲ್ ಸರಿ, ಗೇರ್ ಬಾಕ್ಸ್ ಬಿಸಿ. ಈಗ ಖಾಲಿ ನೇರ ರಸ್ತೆಯಲ್ಲಿ ಒಂದೊಂದೇ ಗೇರನ್ನು ಎರಡು ರೀತಿ ಹಾಕಿ. ಒಮ್ಮೆ ನಿಧಾನ, ಒಮ್ಮೆ ಬೇಗ. ಏರಿಸುವಾಗಲೂ ಇಳಿಸುವಾಗಲೂ. ಮೂರರಿಂದ ಎರಡಕ್ಕೆ ಇಳಿಸುವುದನ್ನು ಹೆಚ್ಚು ಗಮನಿಸಿ. ಘಾಟಿ ರಸ್ತೆಯಲ್ಲಿ ತಿರುವು ತಿರುವಿಗೂ ಕೆಲಸ ಬೀಳುವುದು ಎರಡನೇ ಗೇರಿನ ರಿಂಗ್‌ಗೆ. ಮೊದಲು ಸವೆಯುವುದು ಸಾಮಾನ್ಯವಾಗಿ ಅದೇ.

ಒಂದೇ ಗೇರ್ ಬೇಗ ಹಾಕಿದರೆ ಕರ್ರ್ ಅಂದು, ನಿಧಾನ ಹಾಕಿದರೆ ಸುಮ್ಮನೆ ಬಿದ್ದರೆ, ಡಬಲ್ ಕ್ಲಚ್ ಮಾಡಿ ನೋಡಿ. ಮೂರರಿಂದ ತೆಗೆದು ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಡಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ರಿಂಗ್ ಮಾಡಬೇಕಾದ ಕೆಲಸವನ್ನು ಹೀಗೆ ನಿಮ್ಮ ಕಾಲು ಮಾಡುತ್ತದೆ. ಡಬಲ್ ಕ್ಲಚ್‌ನಲ್ಲಿ ಸದ್ದು ಪೂರ್ತಿ ಹೋದರೆ ಸವೆದಿರುವುದು ಸಿಂಕ್ರೊ.

ಬಿಚ್ಚಿದಾಗ ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ ಕೂರಿಸಿ, ರಿಂಗಿಗೂ ಗೇರಿನ ಸಣ್ಣ ಹಲ್ಲಿಗೂ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ರಿಂಗ್ ಸವೆದಷ್ಟೂ ಆ ಸಂದಿ ಕಡಿಮೆಯಾಗುತ್ತದೆ. ಅಳೆಯುವಾಗ ಎದುರಿಗೇ ಇರಿ. ರಿಂಗ್ ಮಾತ್ರ ಹೊಸದು ಹಾಕಿ ದುಂಡಗಾದ ಹಲ್ಲುಗಳನ್ನು ಹಾಗೇ ಬಿಟ್ಟರೆ ಸದ್ದು ಮತ್ತೆ ಬರುತ್ತದೆ, ಕೆಲವೊಮ್ಮೆ ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ಇಳಿಜಾರಿನಲ್ಲಿ ಹೀಗೆ ಗೇರ್ ಜಾರುವ ಕಾರನ್ನು ಘಾಟಿಗೆ ಒಯ್ಯಬೇಡಿ.

## ಹೊಸನಗರದ ಒಂದು ಕಾರು

ಕಳೆದ ಮಳೆಗಾಲದಲ್ಲಿ ಹೊಸನಗರ ಕಡೆಯ ತೋಟದವರೊಬ್ಬರು ಹನ್ನೊಂದು ವರ್ಷದ ಡೀಸೆಲ್ ಕಾರು ತಂದರು. "ಕ್ಲಚ್ ಸೆಟ್ ಹೊಸದು ಮಾರಾಯ್ರೆ, ಆದ್ರೂ ಗೇರ್ ಬೀಳೂದಿಲ್ಲ. ಈಗ ಗೇರ್ ಬಾಕ್ಸೇ ಹೋಯ್ದು ಅಂತಾರೆ" ಅಂದರು. ಬೆಳಿಗ್ಗೆಯೂ ಟೈಟ್, ಏರು ಹತ್ತಿದ ಮೇಲೂ ಟೈಟ್. ಅದಕ್ಕೇ ಎಲ್ಲರಿಗೂ ಗೊಂದಲವಾಗಿತ್ತು.

ಕಾರು ರಾತ್ರಿ ನಮ್ಮಲ್ಲೇ ನಿಂತಿತು. ಬೆಳಿಗ್ಗೆ ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಸಲೀಸು. ಸ್ಟಾರ್ಟ್ ಮಾಡಿ ಐದು ಎಣಿಸಿದೆ, ರಿವರ್ಸ್ ಸದ್ದಿಲ್ಲದೆ ಬಿತ್ತು. ತಣ್ಣಗೆ ಕ್ಲಚ್ ಸರಿ. ರಸ್ತೆಗೆ ಇಳಿಸಿದರೆ ಎರಡನೇ ಗೇರ್ ಕಲ್ಲಿನಂತೆ, ಇಪ್ಪತ್ತು ನಿಮಿಷಕ್ಕೆ ಸಡಿಲ. ಇದು ಆಯಿಲ್ ನಡತೆ ಎಂದು ಬರೆದಿಟ್ಟುಕೊಂಡೆ.

ಪೇಟೆ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಸುತ್ತಿ ಬಂದು ಮತ್ತೆ ರಿವರ್ಸ್ ಹಾಕಿದೆ. ಕರ್ರ್. ಮೂರು ಸಲ ಪಂಪ್ ಮಾಡಿದೆ, ಬಿತ್ತು. ಎಂಜಿನ್ ಆಫ್ ಮಾಡಿ ಸ್ಲೇವ್ ರಾಡ್ ಅಳೆದೆವು. ಒತ್ತಿದ ಕೂಡಲೇ 14 ಮಿಲಿಮೀಟರ್ ಹೊರಗೆ. 30 ಸೆಕೆಂಡ್ ಹಿಡಿದ ಮೇಲೆ 9. ಹುಡುಗನ ಕಾಲು ಕೆಳಗೇ ಇತ್ತು, ಎಲ್ಲೂ ಒಂದು ಹನಿ ಸೋರಿರಲಿಲ್ಲ. ಬೆಳಿಗ್ಗೆ ಅಳೆದಾಗ ಅದೇ ರಾಡ್ ಹೊರಬಂದು ನಿಂತಲ್ಲಿಂದ ಕದಲಿರಲಿಲ್ಲ. ಸವೆದ ಸೀಲ್ ತಣ್ಣಗೆ ಹಿಡಿಯುತ್ತಿತ್ತು, ಬಿಸಿಗೆ ಆಯಿಲ್ ತೆಳುವಾದಾಗ ಬಿಡುತ್ತಿತ್ತು.

ಮಾಸ್ಟರ್ ಸಿಲಿಂಡರ್ ಬದಲಿಸಿ, ಬ್ರೇಕ್ ಆಯಿಲ್ ಪೂರ್ತಿ ಹೊಸದು ಮಾಡಿದೆವು. ಬಿಸಿಯಾದ ಮೇಲೂ ರಿವರ್ಸ್ ಸುಮ್ಮನಾಯಿತು. ಎರಡು ದೋಷ ಒಟ್ಟಿಗೆ ಇದ್ದುದರಿಂದ ಒಂದನ್ನು ಮುಗಿಸಿ ಪರೀಕ್ಷಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದ್ದು. ಆಮೇಲೆ ಗೇರ್ ಆಯಿಲ್ ಇಳಿಸಿದರೆ ಜೇನಿನಂತೆ ದಪ್ಪ ಧಾರೆ. ಏಪ್ರಿಲ್‌ನಲ್ಲಿ ಊರ ಹತ್ತಿರ ಬದಲಿಸಿದ್ದಂತೆ, ಟ್ರ್ಯಾಕ್ಟರಿಗೆ ತಂದಿಟ್ಟ ಆಯಿಲ್. ತಟ್ಟೆಯಲ್ಲಿ ಸ್ವಲ್ಪ ಹಳದಿ ಪುಡಿ ಮಿನುಗಿತು. ಪುಸ್ತಕದಲ್ಲಿದ್ದ ತೆಳು ಜಿಎಲ್-4 ಹಾಕಿ ಕಳಿಸಿದೆ.

300 ಕಿಲೋಮೀಟರ್ ಓಡಿಸಿ ಅವರು ಮತ್ತೆ ಬಂದರು. ಬೆಳಗಿನ ಬಿಗಿತ ಇಲ್ಲ, ಏರಿನ ತೊಂದರೆ ಇಲ್ಲ. ಬೇಗ ಮೂರರಿಂದ ಎರಡಕ್ಕೆ ಇಳಿಸಿದರೆ ಮಾತ್ರ ಒಂದು ಸಣ್ಣ ಕರ್ರ್ ಉಳಿದಿತ್ತು, ಡಬಲ್ ಕ್ಲಚ್‌ನಲ್ಲಿ ಅದೂ ಇಲ್ಲ. ಎರಡನೇ ಗೇರಿನ ರಿಂಗ್ ಸವೆಯಲು ಶುರುವಾಗಿದೆ, ಗೇರ್ ಜಾರುತ್ತಿಲ್ಲ, ಈಗಲೇ ಬಿಚ್ಚುವ ಅಗತ್ಯವಿಲ್ಲ ಎಂದೆ. ಅರ್ಧ ಗಂಟೆ ಪಕ್ಕದಲ್ಲಿ ಕೂತು ಡಬಲ್ ಕ್ಲಚ್ ಕಲಿಸಿದೆ. ಕಾರು ಈಗಲೂ ಅದೇ ಗೇರ್ ಬಾಕ್ಸಿನಲ್ಲಿ ಓಡುತ್ತಿದೆ. ಮುಂದಿನ ಸರ್ವಿಸ್‌ಗೆ ಬಂದಾಗ ಆಯಿಲ್‌ನ ಹಳದಿ ಪುಡಿ ಜಾಸ್ತಿಯಾಗಿದೆಯೇ ಎಂದು ಅದೇ ತಟ್ಟೆಯಲ್ಲಿ ನೋಡುತ್ತೇನೆ.